ಅಮ್ಮನ ಗುಂಪು, ದೊಡ್ಡಮ್ಮನ ಗುಂಪು: ಮನೆಯ ಫೋಟೊಗಳನ್ನು ಮುಖದ ಆಧಾರದಲ್ಲಿ ವಿಂಗಡಿಸಿದ ಕೆಲಸದ ದಾಖಲೆ

ಫೋನಿನ ಗ್ಯಾಲರಿ ಆ್ಯಪ್‌ಗಳಲ್ಲಿ ‘ವ್ಯಕ್ತಿಗಳು’ ಎಂಬ ಭಾಗವನ್ನು ತೆರೆದರೆ ಮನೆಯವರ ಮುಖಗಳು ಸಣ್ಣ ವೃತ್ತಗಳಲ್ಲಿ ಸಾಲಾಗಿ ಕಾಣಿಸುತ್ತವೆ. ಯಾರ ಹೆಸರನ್ನೂ ನಾವು ಹೇಳಿರುವುದಿಲ್ಲ. ಆದರೂ ಅಪ್ಪನ ವೃತ್ತವನ್ನು ಮುಟ್ಟಿದರೆ ಅಪ್ಪ ಇರುವ ಚಿತ್ರಗಳೇ ಬರುತ್ತವೆ, ಅಲ್ಲೊಂದು ಇಲ್ಲೊಂದು ತಪ್ಪಿರಬಹುದು ಅಷ್ಟೆ. ಇದೇ ಕೆಲಸವನ್ನು ಹಾಸನದ ನಮ್ಮ ಮನೆಯಲ್ಲಿರುವ ಹಳೆಯ ಲ್ಯಾಪ್‌ಟಾಪ್‌ ಒಂದರಲ್ಲಿ, ಇಂಟರ್ನೆಟ್ಟಿಗೆ ಒಂದು ಚಿತ್ರವನ್ನೂ ಕಳುಹಿಸದೆ ಮಾಡಿಕೊಂಡ ಬಗೆಯನ್ನು ಇಲ್ಲಿ ಬರೆಯುತ್ತಿದ್ದೇನೆ. ಮುಖ ಪತ್ತೆ ಮಾಡುವ ಭಾಗವನ್ನು ಬೇಗ ಮುಗಿಸುತ್ತೇನೆ. ‘ಈ ಎರಡು ಮುಖಗಳು ಒಬ್ಬರವೇ’ ಎಂದು ತೀರ್ಮಾನಿಸುವ ದೂರದ ಮಿತಿಯನ್ನು ಎಲ್ಲಿ ಇಡಬೇಕು, ಅದನ್ನು ನಮ್ಮದೇ ಫೋಟೊಗಳಿಂದ ಹೇಗೆ ತಿಳಿಯಬೇಕು ಎಂಬುದೇ ಈ ಕೆಲಸದ ನಿಜವಾದ ಕಷ್ಟವಾದ್ದರಿಂದ ಬರಹದ ಹೆಚ್ಚಿನ ಭಾಗ ಅದರ ಬಗ್ಗೆಯೇ ಇದೆ.

ಕೈಯಲ್ಲಿದ್ದ ಸಾಮಗ್ರಿ ಬಗೆಬಗೆಯದು. ಅಣ್ಣನ ಮದುವೆಗೆ ಸ್ಟುಡಿಯೊದವರು ದೊಡ್ಡ ಕ್ಯಾಮೆರಾದಲ್ಲಿ ತೆಗೆದ ಮೂಲ ಫೈಲುಗಳು, ನೆಂಟರು ವಾಟ್ಸ್‌ಆ್ಯಪ್‌ನಲ್ಲಿ ಕಳುಹಿಸಿದ ಚಿತ್ರಗಳು, ಸಕಲೇಶಪುರದ ದೊಡ್ಡಪ್ಪನ ತೋಟದಲ್ಲಿ ಹಬ್ಬಗಳಿಗೆ ಸೇರಿದಾಗ ತೆಗೆದವು, ದೀಪಾವಳಿಯ ಆಸುಪಾಸಿನಲ್ಲಿ ಹಾಸನಾಂಬೆಯ ದರ್ಶನಕ್ಕೆ ಸರದಿಯಲ್ಲಿ ನಿಂತಾಗಿನ ಸೆಲ್ಫಿಗಳು ಮತ್ತು 2018ರ ಫೆಬ್ರುವರಿಯಲ್ಲಿ ಶ್ರವಣಬೆಳಗೊಳದ ಮಹಾಮಸ್ತಕಾಭಿಷೇಕಕ್ಕೆ ಹೋದಾಗಿನವು ಅದರಲ್ಲಿ ಸೇರಿದ್ದವು.

ಮುಖವನ್ನು ಅಂಕಿಗಳಾಗಿಸುವುದು

ಲ್ಯಾಪ್‌ಟಾಪ್‌ನಲ್ಲಿ ಉಬುಂಟು ಇದೆ, ಗ್ರಾಫಿಕ್ಸ್ ಕಾರ್ಡ್ ಇಲ್ಲ. ಆದ್ದರಿಂದ ಹಗುರವಾದ ಹಳೆಯ ಹಾದಿಯನ್ನೇ ಆರಿಸಿಕೊಂಡೆ. ಡೇವಿಸ್ ಕಿಂಗ್ ಅವರ `dlib` ಮತ್ತು ಅದನ್ನು ಪೈಥಾನ್‌ನಲ್ಲಿ ಸುಲಭವಾಗಿ ಬಳಸಲು ಇರುವ `face_recognition` ಈ ಕೆಲಸಕ್ಕೆ ಸಾಕಾಗುತ್ತವೆ.

```bash
sudo apt install cmake build-essential python3-dev python3-venv
python3 -m venv mukha
source mukha/bin/activate
pip install "setuptools<81" dlib face_recognition scikit-learn
```

ಕೊನೆಯ ಸಾಲಿನಲ್ಲಿ `setuptools` ಇರುವುದಕ್ಕೆ ಕಾರಣವಿದೆ. ಹೊಸ ಪೈಥಾನ್‌ಗಳಲ್ಲಿ ಅದು ತಾನಾಗಿಯೇ ಬರುವುದಿಲ್ಲ, ಬಂದರೂ ತೀರಾ ಹೊಸ ಆವೃತ್ತಿಯಾಗಿದ್ದರೆ ಬೇಕಾದ `pkg_resources` ಅದರಲ್ಲಿ ಇಲ್ಲದಿರಬಹುದು. ಅದು ಸಿಗದಿದ್ದಾಗ ಪ್ರೋಗ್ರಾಂ `face_recognition_models` ಅನ್ನು ಹಾಕಿಕೊಳ್ಳಿ ಎಂಬ ದಾರಿ ತಪ್ಪಿಸುವ ಸಂದೇಶ ತೋರಿಸಿ ನಿಂತುಬಿಡುತ್ತದೆ. ಹಾಕಿಕೊಂಡಿದ್ದರೂ ಅದೇ ಸಂದೇಶ ಮತ್ತೆ ಬರುತ್ತಿದ್ದರೆ ಕೊರತೆ ಇರುವುದು `setuptools`ನಲ್ಲಿ ಎಂದು ತಿಳಿಯಬೇಕು. `dlib` ನಮ್ಮ ಯಂತ್ರದಲ್ಲೇ ಕಂಪೈಲ್ ಆಗುವುದರಿಂದ ಸಾಕಷ್ಟು ಹೊತ್ತು ಹಿಡಿಯುತ್ತದೆ, ಕಾಯಬೇಕು.

ಪ್ರತಿ ಚಿತ್ರಕ್ಕೂ ನಡೆಯುವ ಕೆಲಸ ಇಷ್ಟು:

```python
from PIL import Image, ImageOps
import numpy as np, face_recognition as fr

im = ImageOps.exif_transpose(Image.open(path)).convert("RGB")
im.thumbnail((2400, 2400))
a = np.array(im)
boxes = fr.face_locations(a, 1)
vecs = fr.face_encodings(a, boxes)
```

ಇದರಲ್ಲಿ `exif_transpose` ಎಂಬ ಪದವನ್ನು ಬಿಡಬಾರದು. ಫೋನನ್ನು ನೆಟ್ಟಗೆ ಹಿಡಿದು ತೆಗೆದ ಎಷ್ಟೋ ಚಿತ್ರಗಳು ಫೈಲಿನಲ್ಲಿ ಅಡ್ಡವಾಗಿಯೇ ಉಳಿದಿರುತ್ತವೆ ಮತ್ತು ‘ತೋರಿಸುವಾಗ ತಿರುಗಿಸಿ’ ಎಂಬ ಸೂಚನೆ ಮಾತ್ರ ಫೈಲಿನ ತಲೆಭಾಗದಲ್ಲಿರುತ್ತದೆ. `face_recognition`ನ ಸ್ವಂತ `load_image_file` ಆ ಸೂಚನೆಯನ್ನು ಓದುವುದಿಲ್ಲ, ಹೀಗಾಗಿ ಪತ್ತೆ ಮಾಡುವ ಭಾಗಕ್ಕೆ ಸಿಗುವುದು ಮಲಗಿದ ಮುಖ. ಈ ದೋಷವನ್ನು ಗುರುತಿಸುವುದು ಸುಲಭ: ಕ್ಯಾಮೆರಾದಿಂದ ನೇರವಾಗಿ ಬಂದ ಉದ್ದನೆಯ ಚಿತ್ರಗಳಲ್ಲೆಲ್ಲ ಮುಖಗಳ ಸಂಖ್ಯೆ ಸೊನ್ನೆ ಎಂದು ಬರುತ್ತದೆ, ವಾಟ್ಸ್‌ಆ್ಯಪ್‌ ಮೂಲಕ ಬಂದ ಅದೇ ಬಗೆಯ ಚಿತ್ರಗಳಲ್ಲಿ ಮಾತ್ರ ಮುಖಗಳು ಸಿಗುತ್ತವೆ. ವಾಟ್ಸ್‌ಆ್ಯಪ್‌ ಚಿತ್ರವನ್ನು ಮತ್ತೆ ಕುಗ್ಗಿಸಿ ಬರೆಯುವಾಗ ನಿಜವಾಗಿಯೇ ತಿರುಗಿಸಿ ಬರೆಯುವುದರಿಂದ ಈ ವ್ಯತ್ಯಾಸ ಉಂಟಾಗುತ್ತದೆ.

`face_locations` ಮುಂದಿನಿಂದ ಕಾಣುವ ಮುಖವನ್ನು ಬೆಳಕು-ನೆರಳಿನ ಅಂಚುಗಳ ದಿಕ್ಕನ್ನು ನೋಡಿ ಹುಡುಕುತ್ತದೆ. ಅದರ ಮೂಲ ಕಿಟಕಿ ಸುಮಾರು 80 ಪಿಕ್ಸೆಲ್ ಅಗಲದ್ದು. ಚಿತ್ರವನ್ನು ಒಂದು ಸಲ ದುಪ್ಪಟ್ಟು ಮಾಡಿ ಹುಡುಕಿದರೆ ಸುಮಾರು 40 ಪಿಕ್ಸೆಲ್‌ನ ಮುಖದವರೆಗೆ ಸಿಗುತ್ತದೆ. ಹೀಗಾಗಿ ಧಾರೆಯ ಹೊತ್ತಿನ ಚಿತ್ರಗಳಲ್ಲಿ, ಹಣೆಗೆ ಬಾಸಿಂಗ ಕಟ್ಟಿಕೊಂಡು ತಲೆ ತಗ್ಗಿಸಿ ಕುಳಿತ ವಧೂವರರು ಎಷ್ಟೋ ಕಡೆ ಪತ್ತೆಯೇ ಆಗುವುದಿಲ್ಲ. ಪತ್ತೆಯಾಗದ ಮುಖಕ್ಕೆ ಮುಂದಿನ ಯಾವ ಹಂತವೂ ನೆರವಾಗುವುದಿಲ್ಲ. ಆದ್ದರಿಂದ ‘ಮದುಮಗಳ ಗುಂಪಿನಲ್ಲಿ ಮುಹೂರ್ತದ ಚಿತ್ರಗಳೇಕೆ ಇಲ್ಲ’ ಎಂಬ ಪ್ರಶ್ನೆ ಬಂದಾಗ ಗುಂಪು ಕಟ್ಟುವ ಹಂತವನ್ನು ದೂರುವ ಮೊದಲು ಮುಖದ ಸುತ್ತ ಪತ್ತೆಯ ಪೆಟ್ಟಿಗೆ ಬಿದ್ದಿದೆಯೇ ಎಂದು ನೋಡಬೇಕು.

ಪೆಟ್ಟಿಗೆ ಸಿಕ್ಕ ಮೇಲೆ ಎರಡು ಕಣ್ಣುಗಳ ಒಳ-ಹೊರ ಮೂಲೆಗಳನ್ನೂ ಮೂಗಿನ ಬುಡವನ್ನೂ ಗುರುತಿಸಿ, ವಾಲಿದ ಮುಖವನ್ನು ನೆಟ್ಟಗೆ ಮಾಡಿ, 150 ಪಿಕ್ಸೆಲ್‌ನ ಚೌಕಕ್ಕೆ ಕತ್ತರಿಸಲಾಗುತ್ತದೆ. ಆ ಚೌಕವನ್ನು ಒಂದು ನರಜಾಲಕ್ಕೆ ಕೊಟ್ಟರೆ ಅದು 128 ಸಂಖ್ಯೆಗಳನ್ನು ಹೊರಡಿಸುತ್ತದೆ. ದರ್ಜಿಯ ಅಳತೆ ಪುಸ್ತಕದಲ್ಲಿ ಹೆಸರಿನ ಜಾಗ ಅಳಿಸಿಹೋಗಿದ್ದರೂ ಎರಡು ಪುಟಗಳ ಅಳತೆಗಳು ಹೊಂದಿಕೊಂಡರೆ ಎರಡೂ ಒಬ್ಬರದೇ ಅಂಗಿ ಎಂದು ಹೇಳಬಹುದಲ್ಲವೇ, ಇದೂ ಹಾಗೆಯೇ. ಆದರೆ ಇಲ್ಲಿನ ಒಂದೊಂದು ಸಂಖ್ಯೆಗೆ ಬಿಡಿಯಾಗಿ ‘ಮೂಗಿನ ಉದ್ದ’, ‘ಹಣೆಯ ಅಗಲ’ ಎಂಬ ಅರ್ಥವಿಲ್ಲ. 128ನ್ನೂ ಸೇರಿಸಿ ಎರಡು ಮುಖಗಳ ನಡುವಿನ ದೂರವನ್ನು ಲೆಕ್ಕ ಹಾಕಿದಾಗ ಮಾತ್ರ ಅದು ಪ್ರಯೋಜನಕ್ಕೆ ಬರುತ್ತದೆ.

ಹೆಸರು ಗೊತ್ತಿಲ್ಲದೆಯೂ ಇದು ಸಾಧ್ಯವಾಗುವುದು ತರಬೇತಿಯ ಬಗೆಯಿಂದ. 2017ರಲ್ಲಿ ಬಿಡುಗಡೆಯಾದ ಈ ಜಾಲವನ್ನು ಸುಮಾರು 30 ಲಕ್ಷ ಮುಖಚಿತ್ರಗಳ ಮೇಲೆ ಪಳಗಿಸಲಾಗಿದೆ. ಆ ಹಂತದಲ್ಲಿ ಯಾವ ಚಿತ್ರ ಯಾವ ವ್ಯಕ್ತಿಯದು ಎಂಬುದು ಗೊತ್ತಿತ್ತು. ಒಬ್ಬರದೇ ಎರಡು ಚಿತ್ರಗಳು ಹತ್ತಿರ ಬರುವಂತೆ, ಬೇರೆಯವರ ಚಿತ್ರಗಳು ದೂರ ಸರಿಯುವಂತೆ ಜಾಲದ ಒಳಗಿನ ತೂಕಗಳನ್ನು ಮತ್ತೆ ಮತ್ತೆ ತಿದ್ದಲಾಯಿತು. ಆ ಸಾವಿರಾರು ಜನರಲ್ಲಿ ನಮ್ಮ ಮನೆಯವರು ಯಾರೂ ಇಲ್ಲ. ಜಾಲ ಕಲಿತದ್ದು ‘ಮುಖದಲ್ಲಿ ಯಾವ ವ್ಯತ್ಯಾಸ ಆಳನ್ನು ಬದಲಿಸುತ್ತದೆ, ಯಾವುದು ಬರೀ ಬೆಳಕಿನದು’ ಎಂಬ ಸಾಮಾನ್ಯ ವಿವೇಚನೆಯನ್ನು, ಅದನ್ನೇ ಹಿಂದೆಂದೂ ಕಾಣದ ಮುಖಗಳಿಗೂ ಅದು ಅನ್ವಯಿಸುತ್ತದೆ.

ಇದಕ್ಕೆ ನನಗೆ ಸಿಕ್ಕ ಅತ್ಯಂತ ಸ್ಪಷ್ಟವಾದ ಸಾಕ್ಷಿ ಶ್ರವಣಬೆಳಗೊಳದ ಚಿತ್ರಗಳಲ್ಲಿತ್ತು. ಮೊದಲ ಸಲ ಗುಂಪುಗಳನ್ನು ಕಟ್ಟಿದಾಗ 17ನೆಯ ಸಂಖ್ಯೆಯ ಗುಂಪಿನಲ್ಲಿ ಮನುಷ್ಯರೇ ಇರಲಿಲ್ಲ. ಹಾಲಿನಲ್ಲಿ ತೊಯ್ದ, ಅರಿಸಿನದ ನೀರು ಇಳಿಯುತ್ತಿರುವ, ಬಿಸಿಲಿಗೆ ಒಣಗಿ ಬೂದುಬಣ್ಣಕ್ಕೆ ತಿರುಗಿದ ಗೊಮ್ಮಟನ ಮುಖ ಮಾತ್ರ ಅದರಲ್ಲಿತ್ತು. ಅರಿಸಿನದ ಹಳದಿಗೂ ಹಾಲಿನ ಬಿಳುಪಿಗೂ ನಡುವೆ ಬಣ್ಣ ಪೂರ್ತಿಯಾಗಿ ಬೇರೆಯಾಗಿದ್ದರೂ ಕಣ್ಣು, ತುಟಿ, ಗಲ್ಲಗಳ ಜೋಡಣೆ ಒಂದೇ ಆಗಿದ್ದುದರಿಂದ ಅವೆಲ್ಲ ಒಂದೆಡೆ ಸೇರಿದ್ದವು. ಪ್ರೋಗ್ರಾಂಗೆ ಅದು ಕಲ್ಲೆಂದು ಗೊತ್ತಿಲ್ಲ, ಬಾಹುಬಲಿಯೆಂದೂ ಗೊತ್ತಿಲ್ಲ. ಹತ್ತಿರ ಹತ್ತಿರ ಇರುವ ಕೆಲವು ಬಿಂದುಗಳಿಗೆ ಅದು 17 ಎಂಬ ಅಂಕಿ ಹಚ್ಚಿತ್ತು. ನಮ್ಮ ಅಪ್ಪನ ಗುಂಪಿಗೆ ಹಚ್ಚಿದ 3 ಎಂಬ ಅಂಕಿಯೂ ಅದೇ ಬಗೆಯದು.

ಒಂದೇ ಮಿತಿ ಏಕೆ ಸಾಲದು

ಈಗ ಪ್ರತಿ ಮುಖವೂ ಒಂದು ಬಿಂದು. ಎರಡು ಬಿಂದುಗಳ ದೂರ 0.6ಕ್ಕಿಂತ ಕಡಿಮೆಯಿದ್ದರೆ ಒಬ್ಬರೇ ಎಂದು ತಿಳಿಯಬಹುದು ಎಂಬುದು ಈ ಜಾಲಕ್ಕೆ ಸಾಮಾನ್ಯವಾಗಿ ಹೇಳುವ ಮಿತಿ. ಸಾರ್ವಜನಿಕ ವ್ಯಕ್ತಿಗಳ ಪತ್ರಿಕಾ ಚಿತ್ರಗಳ ಒಂದು ಪ್ರಸಿದ್ಧ ಸಂಗ್ರಹದ ಮೇಲೆ ಅದು ಶೇ 99.38ರಷ್ಟು ಸರಿಯುತ್ತರ ಕೊಟ್ಟಿದೆ. ಆದರೆ ಆ ಸಂಗ್ರಹದಲ್ಲಿ ಹೋಲಿಕೆಗೆ ಬರುವ ಜೋಡಿಗಳು ಬಹುಮಟ್ಟಿಗೆ ಒಬ್ಬರಿಗೊಬ್ಬರು ಸಂಬಂಧವಿಲ್ಲದವರು. ಮನೆಯ ಆಲ್ಬಮ್ಮಿನಲ್ಲಿ ಇರುವವರೆಲ್ಲ ನೆಂಟರೇ. ಇದಲ್ಲದೆ, ಈ ಮಾದರಿ ವಯಸ್ಕರ ಮೇಲೆ ಪಳಗಿದ್ದು ಮಕ್ಕಳನ್ನು ಸುಲಭವಾಗಿ ಬೆರೆಸಿಬಿಡುತ್ತದೆ ಎಂದೂ, ಬೇರೆ ಬೇರೆ ಜನಾಂಗದ ಮುಖಗಳಿಗೆ ನಿಖರತೆ ಬದಲಾಗಬಹುದು ಎಂದೂ `face_recognition` ತಯಾರಿಸಿದವರೇ ಎಚ್ಚರಿಸಿದ್ದಾರೆ.

ಒಂದು ಚಿತ್ರವನ್ನೇ ತೆಗೆದುಕೊಂಡು ನೋಡೋಣ. ಆರತಕ್ಷತೆಯ ದಿನ ಕಲ್ಯಾಣ ಮಂಟಪದ ಮೆಟ್ಟಿಲ ಮೇಲೆ ನಾಲ್ವರು ನಿಂತಿದ್ದಾರೆ: 1 ಅಪ್ಪ, 2 ಅಮ್ಮ, 3 ಅಮ್ಮನ ಅಕ್ಕನಾದ ದೊಡ್ಡಮ್ಮ, 4 ಅಣ್ಣ. ನಾಲ್ಕು ಮುಖಗಳಿಗೆ ಆರು ಜೋಡಿಗಳು.

```
IMG_2041.jpg
1-2 0.68   1-3 0.71   1-4 0.57
2-3 0.43   2-4 0.61   3-4 0.64
```

0.6 ಎಂಬ ಮಿತಿಯನ್ನು ಒಪ್ಪಿದರೆ ಅಪ್ಪನೂ ಅಣ್ಣನೂ ಒಬ್ಬರೇ ಆಗುತ್ತಾರೆ, ಅಮ್ಮನೂ ದೊಡ್ಡಮ್ಮನೂ ಒಬ್ಬರೇ ಆಗುತ್ತಾರೆ. ಮಿತಿಯನ್ನು 0.42ಕ್ಕೆ ಇಳಿಸಿದರೆ ಈ ಚಿತ್ರದ ಮಟ್ಟಿಗೆ ಎಲ್ಲರೂ ಬೇರೆಯಾಗುತ್ತಾರೆ ನಿಜ. ಆದರೆ ಅಮ್ಮನ ಇದೇ ಮುಖಕ್ಕೂ, ತೋಟದ ಮನೆಯ ಜಗಲಿಯಲ್ಲಿ ಕನ್ನಡಕ ಹಾಕಿಕೊಂಡು ಕುಳಿತ ಅಮ್ಮನ ಹಳೆಯ ಚಿತ್ರಕ್ಕೂ ನಡುವಿನ ದೂರ 0.52 ಇದೆ. ಅಂದರೆ ಅಮ್ಮ ತನ್ನ ಹಳೆಯ ಚಿತ್ರಕ್ಕಿಂತ ಪಕ್ಕದಲ್ಲಿ ನಿಂತ ಅಕ್ಕನಿಗೇ ಹೆಚ್ಚು ಹತ್ತಿರ. ಇಂಥ ಕಡೆ ಯಾವ ಒಂದು ಅಂಕಿಯನ್ನು ಇಟ್ಟರೂ ಇಬ್ಬರನ್ನು ಬೆರೆಸುತ್ತದೆ ಅಥವಾ ಒಬ್ಬರನ್ನು ಒಡೆಯುತ್ತದೆ.

ಗುಂಪು ಕಟ್ಟಲು ಬಳಸಿದ ವಿಧಾನ ಡಿಬಿಸ್ಕ್ಯಾನ್, 1996ರಲ್ಲಿ ಪ್ರಕಟವಾದದ್ದು. ಎಷ್ಟು ಜನರಿದ್ದಾರೆ ಎಂದು ಮೊದಲೇ ಹೇಳಬೇಕಾಗಿಲ್ಲದಿರುವುದು ಈ ಕೆಲಸಕ್ಕೆ ಅದರ ದೊಡ್ಡ ಅನುಕೂಲ.

```python
from sklearn.cluster import DBSCAN
labels = DBSCAN(eps=0.40, min_samples=3).fit_predict(X)
```

ಇಲ್ಲಿ `X` ಎಂದರೆ ಎಲ್ಲ ಮುಖಗಳ 128 ಸಂಖ್ಯೆಗಳನ್ನು ಸಾಲುಸಾಲಾಗಿ ಜೋಡಿಸಿದ ಕೋಷ್ಟಕ. ಒಂದು ಬಿಂದುವಿನ ಸುತ್ತ `eps` ದೂರದೊಳಗೆ ತನ್ನನ್ನೂ ಸೇರಿಸಿ ಮೂರು ಬಿಂದುಗಳಿದ್ದರೆ ಅದು ಗುಂಪಿನ ತಿರುಳು. ತಿರುಳಿಗೆ ತಿರುಳು ತಗುಲುತ್ತ ಹೋದಂತೆ ಗುಂಪು ಬೆಳೆಯುತ್ತದೆ. ಎಲ್ಲಿಯೂ ಸೇರದವಕ್ಕೆ -1 ಎಂಬ ಗುರುತು ಬೀಳುತ್ತದೆ. ಹಾಸನಾಂಬೆಯ ಸರದಿಯಲ್ಲಿ ನಮ್ಮ ಹಿಂದೆ ನಿಂತಿದ್ದ ಅಪರಿಚಿತರೆಲ್ಲ ಹೀಗೆ -1ಕ್ಕೆ ಹೋದರು, ಏಕೆಂದರೆ ಅವರಲ್ಲಿ ಹೆಚ್ಚಿನವರು ನಮ್ಮ ಸಂಗ್ರಹದಲ್ಲಿ ಒಂದೆರಡು ಸಲಕ್ಕಿಂತ ಹೆಚ್ಚು ಕಾಣುವುದೇ ಇಲ್ಲ.

ಈ ‘ತಗುಲುತ್ತ ಹೋಗುವ’ ಗುಣದಿಂದಲೇ ತೊಂದರೆಯೂ ಹುಟ್ಟುತ್ತದೆ. ಮಸುಕಾದ, ಅರೆ ತಿರುಗಿದ, ಚಿಕ್ಕದಾದ ಮುಖಗಳಲ್ಲಿ ಆಳನ್ನು ಗುರುತಿಸುವ ವಿವರ ಕಡಿಮೆ. ಅಂಥವು ತಮ್ಮ ತಮ್ಮ ಒಡೆಯರಿಂದ ದೂರ ಸರಿದು ಒಂದಕ್ಕೊಂದು ಹತ್ತಿರವಾಗುತ್ತವೆ. ಅಮ್ಮನ ಒಂದು ಮಸುಕು ಮುಖ ದೊಡ್ಡಮ್ಮನ ಒಂದು ಮಸುಕು ಮುಖಕ್ಕೆ 0.36ರಲ್ಲಿ ತಗುಲಿದರೆ ಸಾಕು, ಆ ಒಂದು ಕೊಂಡಿಯ ಮೂಲಕ ಎರಡು ಗುಂಪುಗಳೂ ಪೂರ್ತಿಯಾಗಿ ಒಂದಾಗುತ್ತವೆ. ಆದ್ದರಿಂದ ಮೊದಲ ಸುತ್ತಿಗೆ 90 ಪಿಕ್ಸೆಲ್‌ಗಿಂತ ಅಗಲವಾದ, ಅಂಚುಗಳು ಚೂಪಾಗಿರುವ ಮುಖಗಳನ್ನು ಮಾತ್ರ ತೆಗೆದುಕೊಂಡೆ. ಉಳಿದವನ್ನು ಗುಂಪುಗಳು ನಿಂತ ಮೇಲೆ ಸೇರಿಸಿದರಾಯಿತು.

ಹೀಗೆ ಬೆರೆತ ಗುಂಪೊಂದನ್ನು ಪರದೆಯ ಮೇಲೆ ಹರಡಿ ಅಮ್ಮನಿಗೆ ತೋರಿಸಿದಾಗ ಅವರು ತಡವರಿಸಲೇ ಇಲ್ಲ. “ಇದು ನಾನಲ್ಲ ಕಣೋ, ಅಕ್ಕ. ಆ ಹಸಿರು ಸೀರೆ ಅವಳದ್ದು” ಎಂದರು. ಜಾಲಕ್ಕೆ ಹೋಗುವ ಚೌಕದಲ್ಲಿ ಸೀರೆಯೇ ಇರುವುದಿಲ್ಲ. ಅಮ್ಮ ಬಳಸಿದ ಸುಳಿವನ್ನು ಕೆಲವು ಗ್ಯಾಲರಿಗಳು ಬಳಸುತ್ತವೆ. ಆಪಲ್ ಸಂಸ್ಥೆ 2021ರಲ್ಲಿ ತನ್ನ ಫೋಟೊ ಆ್ಯಪ್‌ನ ಕಾರ್ಯವಿಧಾನವನ್ನು ವಿವರಿಸಿದಾಗ, ಮುಖದ ಸಂಖ್ಯೆಗಳ ಜೊತೆಗೆ ದೇಹದ ಮೇಲ್ಭಾಗದ ಸಂಖ್ಯೆಗಳನ್ನೂ ತೆಗೆದುಕೊಂಡು, ಒಂದೇ ಸಂದರ್ಭದಲ್ಲಿ ತೆಗೆದ ಚಿತ್ರಗಳ ಮಟ್ಟಿಗೆ ಉಡುಪಿನ ಸುಳಿವನ್ನು ಉಪಯೋಗಿಸುವುದಾಗಿ ತಿಳಿಸಿತ್ತು. ಈ ಲೆಕ್ಕವೆಲ್ಲ ಫೋನಿನೊಳಗೇ ನಡೆಯುತ್ತದೆ ಎಂದೂ ಅದು ಹೇಳಿತ್ತು. ನಮ್ಮ ಮದುವೆಗಳಲ್ಲಿ ಮುಹೂರ್ತಕ್ಕೊಂದು, ಆರತಕ್ಷತೆಗೊಂದು ಸೀರೆ ಬದಲಾಗುತ್ತದೆ, ಓರಗಿತ್ತಿಯರೆಲ್ಲ ಒಂದೇ ಬಣ್ಣದ ಸೀರೆ ಉಡುವ ರೂಢಿಯೂ ಬಂದಿದೆ. ಆದ್ದರಿಂದ ಈ ಸುಳಿವನ್ನು ನಾನು ಕೈಬಿಟ್ಟೆ.

ಚಿತ್ರವೇ ಕೊಡುವ ಸಾಕ್ಷಿ

ಹೆಸರುಗಳಿಲ್ಲದಿದ್ದರೂ ನಮ್ಮ ಬಳಿ ಖಚಿತವಾದ ಒಂದು ಸಂಗತಿ ಇದೆ: ಒಂದೇ ಚಿತ್ರದಲ್ಲಿರುವ ಎರಡು ಮುಖಗಳು ಇಬ್ಬರು ಬೇರೆ ಬೇರೆ ವ್ಯಕ್ತಿಗಳವು. ಯಾರೂ ಒಂದು ಚಿತ್ರದಲ್ಲಿ ಎರಡು ಕಡೆ ನಿಲ್ಲಲಾರರು. `IMG_2041`ರ ಆರು ಜೋಡಿಗಳಿಗೆ ‘ಬೇರೆ’ ಎಂಬ ಉತ್ತರ ಯಾರನ್ನೂ ಕೇಳದೆಯೇ ಸಿಕ್ಕಿದೆ. ಹತ್ತು ಜನರಿರುವ ಒಂದು ಚಿತ್ರ ಇಂಥ 45 ಜೋಡಿಗಳನ್ನು ಕೊಡುತ್ತದೆ. ಈ ಉತ್ತರಗಳು ಬರುವುದೂ ನಮಗೆ ಬೇಕಾದ ಕಡೆಯಿಂದಲೇ. ಅಕ್ಕ ತಂಗಿಯರು, ತಂದೆ ಮಕ್ಕಳು, ಅಂದರೆ ಬೆರೆಯುವ ಅಪಾಯ ಹೆಚ್ಚಿರುವವರೇ, ಜೊತೆಯಾಗಿ ನಿಂತು ಫೋಟೊ ತೆಗೆಸಿಕೊಳ್ಳುತ್ತಾರೆ.

ಹೀಗಾಗಿ ಎಲ್ಲ ಚಿತ್ರಗಳಿಂದ ‘ಖಂಡಿತ ಬೇರೆ’ ಜೋಡಿಗಳ ದೂರಗಳನ್ನು ತೆಗೆದು, ಚಿಕ್ಕದರಿಂದ ದೊಡ್ಡದಕ್ಕೆ ಜೋಡಿಸಿ, ತೀರಾ ಚಿಕ್ಕವನ್ನು ಒಂದೊಂದಾಗಿ ಕಣ್ಣಾರೆ ನೋಡಿದೆ. ಪಟ್ಟಿಯ ಮೇಲ್ತುದಿಯಲ್ಲಿದ್ದವು ನಿಜವಾದ ಜೋಡಿಗಳಲ್ಲ. ಅಲಂಕಾರದ ಕೋಣೆಯ ಕನ್ನಡಿಯ ಮುಂದೆ ಕುಳಿತ ಮದುಮಗಳು ಮತ್ತು ಅವಳ ಪ್ರತಿಬಿಂಬ, ಮಂಟಪದ ಬಾಗಿಲಲ್ಲಿ ಕಟ್ಟಿದ ಫ್ಲೆಕ್ಸ್‌ನಲ್ಲಿರುವ ಅಣ್ಣ ಮತ್ತು ಅದರ ಕೆಳಗೆ ನಿಂತ ಅಣ್ಣ, ಒಂದೇ ಮುಖದ ಮೇಲೆ ಬಿದ್ದ ಎರಡು ಪೆಟ್ಟಿಗೆಗಳು ಅಲ್ಲಿದ್ದವು. ಇವನ್ನು ಬದಿಗಿಟ್ಟ ಮೇಲೆ ಸಿಕ್ಕ ಮೊದಲ ನಿಜವಾದ ಜೋಡಿಗಳು ಅಮ್ಮ-ದೊಡ್ಡಮ್ಮನವು. ಚೂಪಾದ ಮುಖಗಳಲ್ಲಿ ಅವರಿಬ್ಬರ ದೂರ 0.41ರ ಸುತ್ತ ಆರಂಭವಾಗುತ್ತಿತ್ತು. ಅದಕ್ಕಿಂತ ತುಸು ಕೆಳಗೆ, 0.40ಕ್ಕೆ, ಮೊದಲ ಸುತ್ತಿನ `eps` ಅನ್ನು ನಿಲ್ಲಿಸಿದೆ. ಬೇರೊಂದು ಮನೆಯ ಆಲ್ಬಮ್ಮಿಗೆ ಈ ಅಂಕಿ ಬೇರೆಯಾಗಬಹುದು, ಅದನ್ನು ಆ ಆಲ್ಬಮ್ಮಿನಿಂದಲೇ ತೆಗೆಯಬೇಕು.

ಇದಕ್ಕೆ ಎದುರಾದ ಸಾಕ್ಷಿ, ಅಂದರೆ ‘ಖಂಡಿತ ಒಬ್ಬರೇ’ ಎನ್ನುವ ಜೋಡಿಗಳು, ಸ್ಟುಡಿಯೊದವರು ಒಂದೇ ಸೆಕೆಂಡಿನಲ್ಲಿ ಸರಸರನೆ ತೆಗೆದ ಚಿತ್ರಗಳಲ್ಲಿ ಸಿಗುತ್ತವೆ. ಎರಡು ಚಿತ್ರಗಳಲ್ಲೂ ಒಂದೇ ಜಾಗದಲ್ಲಿರುವ ಪೆಟ್ಟಿಗೆ ಒಬ್ಬರದೇ ಮುಖ. ಆದರೆ ಇವುಗಳಿಂದ ಮಿತಿಯನ್ನು ನಿರ್ಧರಿಸಬಾರದು. ಬೆಳಕು, ಭಂಗಿ, ನಗು ಎಲ್ಲವೂ ಒಂದೇ ಇರುವುದರಿಂದ ದೂರ ತೀರಾ ಕಡಿಮೆ ಬರುತ್ತದೆ ಮತ್ತು ಒಬ್ಬ ವ್ಯಕ್ತಿ ವರ್ಷಗಳ ನಡುವೆ ಎಷ್ಟು ಬದಲಾಗಬಹುದೆಂಬುದು ಅದರಲ್ಲಿ ಕಾಣುವುದೇ ಇಲ್ಲ.

ಒಂದೇ ಚಿತ್ರದ ಸಾಕ್ಷಿಯಿಂದ ಇನ್ನೊಂದು ಉಪಯೋಗವಿದೆ. ಗುಂಪುಗಳು ಸಿದ್ಧವಾದ ಮೇಲೆ, ಯಾವ ಗುಂಪಿನಲ್ಲಿ ಒಂದೇ ಫೈಲಿನ ಎರಡು ಮುಖಗಳಿವೆ ಎಂದು ಎಣಿಸಿದರೆ ಬೆರೆತ ಗುಂಪುಗಳು ತಾವಾಗಿಯೇ ಪಟ್ಟಿಗೆ ಬರುತ್ತವೆ. `eps` ಬದಲಾಯಿಸಿದಾಗಲೆಲ್ಲ ನಾನು ಮೊದಲು ನೋಡುತ್ತಿದ್ದುದು ಈ ಎಣಿಕೆಯನ್ನೇ. 0.5ರಲ್ಲಿ ಮನೆಯ ಹೆಂಗಸರೆಲ್ಲ ಬಹುತೇಕ ಒಂದೇ ದೊಡ್ಡ ಗುಂಪಾಗಿ, ಒಂದೊಂದು ಚಿತ್ರದಿಂದ ಐದಾರು ಮುಖಗಳು ಅದರಲ್ಲಿದ್ದವು. 0.40ರಲ್ಲಿ ಉಳಿದದ್ದು ಕನ್ನಡಿ ಮತ್ತು ಫ್ಲೆಕ್ಸ್ ಮಾತ್ರ.

ಎರಡನೆಯ ಸುತ್ತು: ಚೂರುಗಳನ್ನು ಕೂಡಿಸುವುದು

ಬಿಗಿಯಾದ ಮಿತಿಯ ಬೆಲೆಯೆಂದರೆ ಒಡಕು. ಅಮ್ಮ ನಾಲ್ಕು ಗುಂಪುಗಳಾದರು: ಕನ್ನಡಕವಿಲ್ಲದ ಮದುವೆಯ ಚಿತ್ರಗಳು, ಕನ್ನಡಕದ ದಿನನಿತ್ಯದವು, ಹತ್ತಾರು ವರ್ಷಗಳ ಹಿಂದಿನವು ಮತ್ತು ತೋಟದ ಜಗಲಿಯಲ್ಲಿ ಒಂದೇ ಬದಿಯಿಂದ ಬೆಳಕು ಬಿದ್ದವು. ಈ ಬೆಲೆಯನ್ನು ಕೊಡುವುದು ಸರಿಯೆಂದು ನನ್ನ ಅಭಿಪ್ರಾಯ. ಎರಡು ಶುದ್ಧ ಗುಂಪುಗಳನ್ನು ಕೂಡಿಸುವುದು ಒಂದು ನಿರ್ಧಾರದ ಕೆಲಸ, ಬೆರೆತ ಗುಂಪನ್ನು ಬಿಡಿಸಲು ಪ್ರತಿ ಮುಖವನ್ನೂ ನೋಡಬೇಕು. ಗ್ಯಾಲರಿ ಆ್ಯಪ್‌ಗಳು ಆಗಾಗ ಎರಡು ಮುಖಗಳನ್ನು ಪಕ್ಕಪಕ್ಕ ತೋರಿಸಿ ‘ಇವರಿಬ್ಬರೂ ಒಬ್ಬರೇ?’ ಎಂದು ಕೇಳುವುದೂ ಇಂಥ ಚೂರುಗಳನ್ನು ಕೂಡಿಸುವುದಕ್ಕಾಗಿಯೇ.

ಕೂಡಿಸುವ ಸುತ್ತಿನಲ್ಲಿ ಬಿಂದುವಿಗೆ ಬಿಂದು ಹೋಲಿಸುವುದನ್ನು ಬಿಟ್ಟು, ಒಂದು ಗುಂಪಿನ ಎಲ್ಲ ಮುಖಗಳಿಗೂ ಇನ್ನೊಂದರ ಎಲ್ಲ ಮುಖಗಳಿಗೂ ನಡುವಿನ ಸರಾಸರಿ ದೂರವನ್ನು ನೋಡಿದೆ. ಒಂದೆರಡು ಕೆಟ್ಟ ಮುಖಗಳು ಸರಾಸರಿಯನ್ನು ಹೆಚ್ಚು ಕದಲಿಸಲಾರವು. ಸರಾಸರಿ 0.52ಕ್ಕಿಂತ ಕಡಿಮೆಯಿರುವ ಜೋಡಿಗಳಲ್ಲಿ ಅತಿ ಹತ್ತಿರದ್ದನ್ನು ಮೊದಲು ಕೂಡಿಸಿ, ದೂರಗಳನ್ನು ಮತ್ತೆ ಲೆಕ್ಕ ಹಾಕಿ, ಮುಂದಿನ ಜೋಡಿಗೆ ಹೋಗಬೇಕು. ಕೂಡಿಸುವ ಮೊದಲು ಒಂದು ತಡೆ ಇರುತ್ತದೆ:

```python
def ok(a, b):
    shared = photos[a] & photos[b]
    small = min(len(photos[a]), len(photos[b]))
    return len(shared) <= 0.02 * small
```

ಇಲ್ಲಿ `photos[a]` ಎಂದರೆ `a` ಗುಂಪು ಕಾಣಿಸುವ ಚಿತ್ರಗಳ `set`. ಎರಡು ಗುಂಪುಗಳು ಒಂದೇ ಚಿತ್ರದಲ್ಲಿ ಜೊತೆಯಾಗಿ ಕಾಣಿಸಿಕೊಂಡಿದ್ದರೆ ಅವು ಇಬ್ಬರು ವ್ಯಕ್ತಿಗಳವು, ಕೂಡಿಸುವಂತಿಲ್ಲ. ಶೇ 2ರ ಸಡಿಲಿಕೆ ಕನ್ನಡಿಯಂಥ ಅಪವಾದಗಳಿಗಾಗಿ. ಚಿಕ್ಕ ಗುಂಪಿನಲ್ಲಿ 50 ಚಿತ್ರಗಳೂ ಇಲ್ಲದಿದ್ದರೆ ಒಂದು ಚಿತ್ರದ ಜೊತೆಗೂಡಿಕೆಯನ್ನೂ ಇದು ಒಪ್ಪುವುದಿಲ್ಲ.

ಅಮ್ಮನ ವಿಷಯದಲ್ಲಿ ನಡೆದದ್ದನ್ನು ನಿಧಾನವಾಗಿ ನೋಡಬೇಕು. ಮದುವೆಯ ಅಮ್ಮನಿಗೂ ದೊಡ್ಡಮ್ಮನ ಗುಂಪಿಗೂ ಸರಾಸರಿ 0.46. ಮದುವೆಯ ಅಮ್ಮನಿಗೂ ಹಳೆಯ ಅಮ್ಮನಿಗೂ 0.47. ದೂರವನ್ನಷ್ಟೇ ನಂಬಿದ್ದರೆ ಮೊದಲು ಅಕ್ಕ ತಂಗಿಯರು ಒಂದಾಗುತ್ತಿದ್ದರು. ಆದರೆ ಮದುವೆಯ ಚಿತ್ರಗಳಲ್ಲಿ ಇಬ್ಬರೂ ಎಷ್ಟೋ ಕಡೆ ಜೊತೆಗಿದ್ದುದರಿಂದ ಆ ಜೋಡಿಗೆ ತಡೆ ಬಿತ್ತು, ಮುಂದಿನದು 0.47ರ ಜೋಡಿ, ಅದು ಕೂಡಿತು.

ಇದರಲ್ಲಿ ಹೆಚ್ಚು ಸೂಕ್ಷ್ಮವಾದ ಅಂಶ ಇನ್ನೊಂದಿದೆ. ಹಳೆಯ ಅಮ್ಮನ ಗುಂಪಿನಲ್ಲಿ ಅಮ್ಮ ಒಬ್ಬರೇ ಇರುವ ಚಿತ್ರಗಳೇ ಹೆಚ್ಚು, ದೊಡ್ಡಮ್ಮನೊಂದಿಗೆ ತೆಗೆದದ್ದು ಒಂದೂ ಇಲ್ಲ. ಆ ಚೂರಿಗೂ ದೊಡ್ಡಮ್ಮನ ಗುಂಪಿಗೂ ಸರಾಸರಿ 0.49, ಅಂದರೆ ಮಿತಿಯೊಳಗೇ ಇದೆ, ನೇರವಾದ ತಡೆಯೂ ಇಲ್ಲ. ಆದರೂ ಅದು ತಪ್ಪು ಕಡೆಗೆ ಹೋಗಲಿಲ್ಲ, ಏಕೆಂದರೆ ಅಷ್ಟು ಹೊತ್ತಿಗೆ ಅದು 0.47ರಲ್ಲಿ ಮದುವೆಯ ಅಮ್ಮನೊಡನೆ ಕೂಡಿ, ಮದುವೆಯ ಚಿತ್ರಗಳೆಲ್ಲ ಅದರವೂ ಆಗಿದ್ದವು, ಅವುಗಳ ಜೊತೆಗೆ ದೊಡ್ಡಮ್ಮನ ವಿರುದ್ಧದ ತಡೆಯೂ ಬಂದಿತ್ತು. ಹತ್ತಿರದ್ದನ್ನೇ ಮೊದಲು ಕೂಡಿಸಬೇಕು ಎಂಬ ಕ್ರಮಕ್ಕೆ ಇಷ್ಟು ಮಹತ್ವವಿರುವುದು ಇದರಿಂದಲೇ. ಸಿಕ್ಕ ಕ್ರಮದಲ್ಲಿ ಕೂಡಿಸುತ್ತ ಹೋದರೆ ಹಳೆಯ ಅಮ್ಮ ದೊಡ್ಡಮ್ಮನ ಪಾಲಾಗಿ, ಆಮೇಲೆ ಅದೇ ತಡೆ ನಿಜವಾದ ಅಮ್ಮನನ್ನು ಹತ್ತಿರ ಬಿಡದಂತೆ ಕಾಯುತ್ತಿತ್ತು.

ಈ ವಿಧಾನದ ಮಿತಿಯೂ ಇಲ್ಲೇ ಕಾಣುತ್ತದೆ. ಒಂಟಿಯಾಗಿರುವ ಒಂದು ಚೂರು ನಿಜವಾಗಿಯೇ ಸೋದರಿಗೆ ಹೆಚ್ಚು ಹತ್ತಿರವಿದ್ದರೆ ತಪ್ಪು ಕೂಡಿಕೆ ಆಗುತ್ತದೆ, ಯಾವ ಎಣಿಕೆಯೂ ಅದನ್ನು ಹಿಡಿಯದು. ಆದ್ದರಿಂದ ಒಂದು ಚೂರಿಗೆ ತಡೆಯಿಲ್ಲದ ಎರಡು ಗುಂಪುಗಳು ಸುಮಾರು ಒಂದೇ ದೂರದಲ್ಲಿದ್ದಾಗ, ವ್ಯತ್ಯಾಸ 0.02ಕ್ಕಿಂತ ಕಡಿಮೆಯಿದ್ದಾಗ, ಕೂಡಿಸದೆ ಮನುಷ್ಯರ ತೀರ್ಮಾನಕ್ಕೆ ಬಿಟ್ಟೆ. ಅವಳಿಗಳ ವಿಷಯದಲ್ಲಂತೂ ತಡೆಯು ಒಂದೇ ಚಿತ್ರದ ಇಬ್ಬರನ್ನು ಬೇರೆಯಾಗಿ ಇಡಬಲ್ಲದೇ ಹೊರತು ಇವಳು ಯಾವ ಗುಂಪಿನವಳು, ಅವಳು ಯಾವ ಗುಂಪಿನವಳು ಎಂದು ಹೇಳಲಾರದು.

ನನ್ನ ಅಕ್ಕನ ಮಗನ ಚಿತ್ರಗಳು ಇದಕ್ಕೆ ತಿರುಗುಮುರುಗಾದ ಪ್ರಸಂಗ. ನಾಮಕರಣದ ದಿನದ ಮುಖಕ್ಕೂ ಶಾಲೆಗೆ ಹೊರಟ ದಿನದ ಮುಖಕ್ಕೂ ನೇರವಾದ ಹೋಲಿಕೆ ಇಲ್ಲ, ಸರಾಸರಿ ದೂರವೂ ಮಿತಿಯನ್ನು ಮೀರುತ್ತದೆ. ಅಮ್ಮ-ದೊಡ್ಡಮ್ಮನ ವಿಷಯದಲ್ಲಿ ಕೆಡುಕು ಮಾಡಿದ ಕೊಂಡಿಯ ಗುಣವೇ ಇಲ್ಲಿ ಉಪಕಾರಿ: ತಿಂಗಳು ತಿಂಗಳೂ ತೆಗೆದ ಚಿತ್ರಗಳು ಒಂದಕ್ಕೊಂದು ತಗುಲಿ ಎರಡು ತುದಿಗಳನ್ನು ಸೇರಿಸುತ್ತವೆ. ಚಿತ್ರಗಳ ನಡುವೆ ದೊಡ್ಡ ಬಿಡುವಿದ್ದ ಕಡೆ ಗುಂಪು ಒಡೆದಿತ್ತು. ಆದರೆ ಈ ಜಾಲ ಮಕ್ಕಳ ವಿಷಯದಲ್ಲಿ ದುರ್ಬಲವಾದ್ದರಿಂದ, ಓರಗೆಯ ಮಕ್ಕಳ ಗುಂಪುಗಳನ್ನು ತಡೆಯಿದ್ದರೂ ನಾನು ಕಣ್ಣಾರೆ ನೋಡಿಯೇ ಒಪ್ಪಿಕೊಂಡೆ.

ಹೆಸರು ಮತ್ತು ಹೊಸ ಚಿತ್ರಗಳು

ಕೊನೆಗೆ ಉಳಿದ ಗುಂಪುಗಳಿಗೆ ಹೆಸರು ಕೊಡುವುದೆಂದರೆ ಒಂದು ಕೋಷ್ಟಕದಲ್ಲಿ 3ರ ಎದುರು ‘ಅಪ್ಪ’ ಎಂದು ಬರೆಯುವುದಷ್ಟೆ. 128 ಸಂಖ್ಯೆಗಳಲ್ಲಿ ಒಂದೂ ಬದಲಾಗುವುದಿಲ್ಲ, ಗುಂಪೂ ಬದಲಾಗುವುದಿಲ್ಲ. ಹೆಸರು ಅಳಿಸಿದರೂ ಅಪ್ಪನ ಚಿತ್ರಗಳು ಒಟ್ಟಿಗೇ ಇರುತ್ತವೆ. ಆದ್ದರಿಂದ ಕಾಪಾಡಿಕೊಳ್ಳಬೇಕಾದದ್ದು ಹೆಸರಿನ ಪಟ್ಟಿಗಿಂತ ಸಂಖ್ಯೆಗಳ ಫೈಲು. ಒಂದು ಮುಖಕ್ಕೆ ಸುಮಾರು ಒಂದು ಕಿಲೋಬೈಟಿನಂತೆ ಸಾವಿರಾರು ಮುಖಗಳು ಕೆಲವೇ ಮೆಗಾಬೈಟುಗಳಲ್ಲಿ ಅಡಗುತ್ತವೆ, ಅದು ಯಾರ ಕೈಗಾದರೂ ಸಿಕ್ಕರೆ ಬೇರೆ ಚಿತ್ರಗಳಲ್ಲಿ ಇದೇ ಜನರನ್ನು ಹುಡುಕಬಹುದು. ಮನೆಯ ಹಾರ್ಡ್‌ಡಿಸ್ಕ್‌ನಲ್ಲಿ ಅದನ್ನು ಪಾಸ್‌ವರ್ಡ್ ಹಾಕಿದ ಜಾಗದಲ್ಲಿ ಇಟ್ಟಿದ್ದೇನೆ.

ಮೊದಲ ಸುತ್ತಿನಲ್ಲಿ ಹೊರಗಿಟ್ಟಿದ್ದ ಚಿಕ್ಕ, ಮಸುಕು ಮುಖಗಳನ್ನೂ ಮುಂದೆ ಬರುವ ಹೊಸ ಚಿತ್ರಗಳನ್ನೂ ಒಂದೇ ರೀತಿಯಲ್ಲಿ ಸೇರಿಸುತ್ತೇನೆ. ಮುಖಕ್ಕೆ ಅತಿ ಹತ್ತಿರದ ಐದು ಗುರುತಾದ ಮುಖಗಳನ್ನು ತೆಗೆದು, ಅವುಗಳಲ್ಲಿ ನಾಲ್ಕಾದರೂ ಒಂದೇ ಗುಂಪಿನವಾಗಿದ್ದು 0.45ರೊಳಗಿದ್ದರೆ, ಮತ್ತು ಅದೇ ಚಿತ್ರದಲ್ಲಿ ಆ ಗುಂಪಿಗೆ ಆಗಲೇ ಬೇರೊಂದು ಮುಖ ಹೋಗಿರದಿದ್ದರೆ ಸೇರಿಸುವುದು. ಹೀಗೆ ಸೇರಿದ ಮಸುಕು ಮುಖ ಆ ವ್ಯಕ್ತಿಯ ಚಿತ್ರಗಳ ಪಟ್ಟಿಯಲ್ಲಿ ಕಾಣಿಸುತ್ತದೆ, ಆದರೆ ಮುಂದಿನ ಮುಖಗಳನ್ನು ಅಳೆಯುವಾಗ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಉಳಿದವು -1ರಲ್ಲೇ ಇರುತ್ತವೆ, ಹೊಸ ಚಿತ್ರಗಳು ಸಾಕಷ್ಟು ಸೇರಿದಾಗ ಆ -1ರ ಮುಖಗಳ ಮೇಲೆ ಮಾತ್ರ ಡಿಬಿಸ್ಕ್ಯಾನ್ ಅನ್ನು ಮತ್ತೆ ಓಡಿಸಿ ಹೊಸಬರ ಗುಂಪು ಹುಟ್ಟಿದೆಯೇ ಎಂದು ನೋಡುತ್ತೇನೆ.